ಪ್ರೊಸೆಸ್ಡ್, ಡಿಫೆಕ್ಟಿವ್, ರೀಫಂಡ್ ಇಶ್ಯೂಡ್: ಆಡಿಟರ್ ಕಳಿಸಿದ ಐಟಿ ಸ್ಕ್ರೀನ್‌ಶಾಟ್ ಓದುವುದು ಹೇಗೆ?

ಆದಾಯ ತೆರಿಗೆ ರಿಟರ್ನ್ ಹಾಕಿದ ಮೇಲೆ ನಮ್ಮಲ್ಲಿ ಬಹಳಷ್ಟು ಅಂಗಡಿಯವರ ಕೈಗೆ ಸಿಗುವುದು ಒಂದೇ ಒಂದು ಸಾಕ್ಷಿ. ಆಡಿಟರ್ ಕಚೇರಿಯ ಹುಡುಗ ವಾಟ್ಸಾಪ್‌ನಲ್ಲಿ ಕಳಿಸುವ ಒಂದು ಸ್ಕ್ರೀನ್‌ಶಾಟ್. ಅದರಲ್ಲಿ ವರ್ಷ, ಒಂದು ಉದ್ದನೆಯ ನಂಬರು, ಎರಡು ಮೂರು ಹಸಿರು ಟಿಕ್ ಗುರುತು ಇರುತ್ತದೆ. ಜೊತೆಗೆ "ಆಯ್ತು ಸಾರ್" ಅಂತ ಒಂದು ಮೆಸೇಜು. ನಾವು ನೋಡುತ್ತೇವೆ, ಒಂದು ನಮಸ್ಕಾರದ ಚಿಹ್ನೆ ಕಳಿಸುತ್ತೇವೆ, ಮರೆಯುತ್ತೇವೆ.

ಆರು ತಿಂಗಳ ನಂತರ ಬ್ಯಾಂಕಿನಲ್ಲಿ ಸಾಲಕ್ಕೆ ಕೂತಾಗ "ಈ ವರ್ಷದ ರಿಟರ್ನ್ ಇನ್‌ವ್ಯಾಲಿಡ್ ಆಗಿದೆಯಲ್ಲ" ಎಂಬ ಮಾತು ಬಂದರೆ ಏನು ಮಾಡುವುದು? ಅಥವಾ "ರೀಫಂಡ್ ಇಶ್ಯೂಡ್" ಎಂದು ತೋರಿಸಿದ ದುಡ್ಡು ಖಾತೆಗೇ ಬರದಿದ್ದರೆ? ಹೀಗೆ ಆಗುವುದಕ್ಕೆ ಬಹುತೇಕ ಕಾರಣ ಒಂದೇ. ಆ ಸ್ಕ್ರೀನ್‌ಶಾಟ್ ಹೇಳಿದ್ದು ಒಂದು, ನಾವು ಅರ್ಥ ಮಾಡಿಕೊಂಡಿದ್ದು ಇನ್ನೊಂದು. ಅದನ್ನು ಸಾಲುಸಾಲಾಗಿ ಓದುವುದು ಹೇಗೆ, ಅದರಲ್ಲೂ "Defective" ಎಂಬ ಪದ ಕಂಡರೆ ತಕ್ಷಣ ಏನು ಮಾಡಬೇಕು ಎಂಬುದು ಈ ಲೇಖನದ ವಿಷಯ.

ಮೊದಲು ಮೇಲಿನ ಸಾಲು ನೋಡಿ

ಈ ಸ್ಕ್ರೀನ್‌ಶಾಟ್ ಬರುವುದು ಆದಾಯ ತೆರಿಗೆ ಇಲಾಖೆಯ incometax.gov.in ಪೋರ್ಟಲ್‌ನಿಂದ. ಲಾಗಿನ್ ಆಗಿ "e-File", ಅದರೊಳಗೆ "Income Tax Returns", ಅದರೊಳಗೆ "View Filed Returns" ಒತ್ತಿದರೆ ವರ್ಷಕ್ಕೊಂದರಂತೆ ಚೀಟಿ ಚೀಟಿಯಾಗಿ ನಿಮ್ಮ ರಿಟರ್ನ್‌ಗಳು ಕಾಣುತ್ತವೆ. ಆಡಿಟರ್ ಕಳಿಸಿದ್ದು ಅದರಲ್ಲಿ ಒಂದು ಚೀಟಿಯ ಫೋಟೊ ಅಷ್ಟೆ.

ಟಿಕ್ ಗುರುತು ನೋಡುವ ಮೊದಲು ಅದು ಯಾವ ವರ್ಷದ ಚೀಟಿ ಎಂದು ನೋಡಿ. "A.Y. 2025-26" ಎಂದಿದ್ದರೆ ಅದು 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗಿನ ನಿಮ್ಮ ವ್ಯಾಪಾರದ ಲೆಕ್ಕ. ಅಸೆಸ್‌ಮೆಂಟ್ ವರ್ಷ ಎಂದರೆ ಲೆಕ್ಕ ಪರಿಶೀಲಿಸುವ ವರ್ಷ, ದುಡಿದ ವರ್ಷ ಅದರ ಹಿಂದಿನದು. ಇಲ್ಲಿ ಒಂದು ವರ್ಷ ಹಿಂದೆ ಮುಂದೆ ಆಗಿ ಹಳೆಯ ಸ್ಕ್ರೀನ್‌ಶಾಟನ್ನೇ ಹೊಸದೆಂದು ಇಟ್ಟುಕೊಂಡಿರುವವರು ಕಡಿಮೆಯಿಲ್ಲ.

ಅಲ್ಲೇ ಪಕ್ಕದಲ್ಲಿ ಸೆಕ್ಷನ್ ನಂಬರು ಇರುತ್ತದೆ. 139(1) ಎಂದರೆ ಗಡುವಿನ ಒಳಗೆ ಹಾಕಿದ ರಿಟರ್ನ್, 139(4) ಎಂದರೆ ತಡವಾಗಿ ಹಾಕಿದ್ದು, 139(5) ಎಂದರೆ ಮೊದಲು ಹಾಕಿದ್ದನ್ನು ತಿದ್ದಿ ಮತ್ತೆ ಹಾಕಿದ್ದು. 139(9) ಎಂದಿದ್ದರೆ ಇಲಾಖೆ "ದೋಷ ಇದೆ" ಎಂದು ನೋಟಿಸ್ ಕೊಟ್ಟ ಮೇಲೆ ಸರಿಮಾಡಿ ಹಾಕಿದ್ದು. ಒಂದೇ ವರ್ಷಕ್ಕೆ ಎರಡು ಚೀಟಿ ಇದ್ದರೆ ಯಾವುದು ಕೊನೆಯದು ಎಂದು ನೋಡಿ, ಲೆಕ್ಕಕ್ಕೆ ಬರುವುದು ಅದೇ.

ಉದ್ದನೆಯ ನಂಬರು ಎಂದೆವಲ್ಲ, ಅದು ಅಕ್ನಾಲೆಜ್‌ಮೆಂಟ್ ನಂಬರು. ಒಟ್ಟು 15 ಅಂಕಿ. ಕೊನೆಯ ಆರು ಅಂಕಿ ರಿಟರ್ನ್ ಹಾಕಿದ ದಿನಾಂಕ. 220825 ಎಂದು ಮುಗಿದಿದ್ದರೆ 2025ರ ಆಗಸ್ಟ್ 22ರಂದು ಹಾಕಿದ್ದು ಎಂದರ್ಥ. "ಜುಲೈನಲ್ಲೇ ಹಾಕಿಬಿಟ್ಟಿದ್ದೀವಿ" ಎಂದು ಯಾರಾದರೂ ಹೇಳಿದರೆ ಈ ಆರು ಅಂಕಿಯೇ ನಿಜ ಹೇಳುತ್ತದೆ.

ಟಿಕ್ ಗುರುತುಗಳ ಸರದಿ

ಮೊದಲ ಟಿಕ್ ರಿಟರ್ನ್ ಹಾಕಿದ್ದಕ್ಕೆ. ಎರಡನೆಯದು ವೆರಿಫೈ ಆದದ್ದಕ್ಕೆ. ಈ ಎರಡರ ನಡುವೆ ಒಂದು ಗುಂಡಿ ಇದೆ. ರಿಟರ್ನ್ ಹಾಕಿದ 30 ದಿನದ ಒಳಗೆ ಆಧಾರ್ ಓಟಿಪಿ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ವೆರಿಫೈ ಮಾಡಬೇಕು, ಇಲ್ಲವೇ ಐಟಿಆರ್-ವಿ ಎಂಬ ಹಾಳೆಗೆ ಸಹಿ ಹಾಕಿ ಬೆಂಗಳೂರಿಗೆ ಅಂಚೆಯಲ್ಲಿ ಕಳಿಸಬೇಕು. ಮಾಡದಿದ್ದರೆ ಆ ರಿಟರ್ನ್‌ಗೆ ಬೆಲೆಯಿಲ್ಲ. ತಡವಾಗಿ ಮಾಡಿದರೆ ವೆರಿಫೈ ಮಾಡಿದ ದಿನವನ್ನೇ ರಿಟರ್ನ್ ಹಾಕಿದ ದಿನ ಎಂದು ಹಿಡಿಯುತ್ತಾರೆ, ಗಡುವು ದಾಟಿದ್ದರೆ ದಂಡವೂ ಬೀಳುತ್ತದೆ. ಸ್ಕ್ರೀನ್‌ಶಾಟ್‌ನಲ್ಲಿ "pending for e-verification" ಎಂಬ ಮಾತು ಕಂಡರೆ ಕೆಲಸ ಅರ್ಧವೇ ಆಗಿದೆ. ಸಾಮಾನ್ಯವಾಗಿ ಆಗುವುದೇನೆಂದರೆ, ಆಡಿಟರ್ ಕಚೇರಿಯಿಂದ ಓಟಿಪಿ ಕೇಳಿದಾಗ ನಾವು ಅಂಗಡಿಯಲ್ಲಿ ಗಿರಾಕಿ ನೋಡುತ್ತಾ ಇರುತ್ತೇವೆ, ಓಟಿಪಿ ಅವಧಿ ಮುಗಿಯುತ್ತದೆ, ಆಮೇಲೆ ಇಬ್ಬರೂ ಮರೆಯುತ್ತಾರೆ.

ವೆರಿಫೈ ಆದ ರಿಟರ್ನ್ ಹೋಗುವುದು ಬೆಂಗಳೂರಿನಲ್ಲಿರುವ ಸಿಪಿಸಿಗೆ, ಅಂದರೆ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ. ಇಡೀ ದೇಶದ ರಿಟರ್ನ್‌ಗಳು ಅಲ್ಲಿ ಕಂಪ್ಯೂಟರ್‌ನಲ್ಲಿ ತಾಳೆಯಾಗುತ್ತವೆ. ನೀವು ಬರೆದದ್ದು ಒಂದು ಕಡೆ, ನಿಮ್ಮ ಪ್ಯಾನ್ ಮೇಲೆ ಬ್ಯಾಂಕು, ಕಂಪನಿ, ಸರ್ಕಾರಿ ಕಚೇರಿಗಳು ವರದಿ ಮಾಡಿದ್ದು ಇನ್ನೊಂದು ಕಡೆ. ಆ ತಾಳೆ ನಡೆಯುತ್ತಿರುವಾಗ "Under processing" ಎಂದು ಕಾಣುತ್ತದೆ. ಕೆಲವರಿಗೆ ವಾರದಲ್ಲಿ ಮುಗಿಯುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ. ರಿಟರ್ನ್ ಹಾಕಿದ ಹಣಕಾಸು ವರ್ಷ ಮುಗಿದ ಮೇಲೆ 9 ತಿಂಗಳವರೆಗೆ ಇಲಾಖೆಗೆ ಕಾನೂನಿನಲ್ಲೇ ಸಮಯವಿದೆ. 2025ರ ಆಗಸ್ಟ್‌ನಲ್ಲಿ ಹಾಕಿದ ರಿಟರ್ನ್‌ಗೆ ಆ ಲೆಕ್ಕದಲ್ಲಿ 2026ರ ಡಿಸೆಂಬರ್ 31ರವರೆಗೆ. ಹಾಗಾಗಿ ಈ ಹಂತದಲ್ಲಿ ಆಡಿಟರ್‌ಗೆ ದಿನಾ ಫೋನ್ ಮಾಡಿ ಪ್ರಯೋಜನವಿಲ್ಲ.

"Processed" ಅಂದರೆ ಕ್ಲಿಯರ್ ಅಂತಲ್ಲ

ತಾಳೆ ಮುಗಿದರೆ "Processed" ಎಂದು ಬರುತ್ತದೆ. ನಮ್ಮವರು ಅಲ್ಲಿಗೇ ಓದು ನಿಲ್ಲಿಸುತ್ತಾರೆ. ಆದರೆ ಮುಖ್ಯವಾದದ್ದು ಅದರ ಮುಂದಿನ ಪದಗಳು. "Processed with no demand no refund" ಎಂದಿದ್ದರೆ ಕೊಡುವುದೂ ಇಲ್ಲ, ಬರುವುದೂ ಇಲ್ಲ. "Processed with refund due" ಎಂದರೆ ನಿಮಗೆ ದುಡ್ಡು ಬರಬೇಕಿದೆ, ಇನ್ನೂ ಬಂದಿಲ್ಲ. "Processed with demand due" ಎಂದಿದ್ದರೆ ನೀವೇ ಇಲಾಖೆಗೆ ಇನ್ನಷ್ಟು ಕಟ್ಟಬೇಕು. ಮೂರಕ್ಕೂ ಮೊದಲ ಪದ ಒಂದೇ. ಸ್ಕ್ರೀನ್‌ಶಾಟ್ ಅನ್ನು ಅರ್ಧಕ್ಕೆ ಕತ್ತರಿಸಿ ಕಳಿಸಿದ್ದರೆ ಮೂರರಲ್ಲಿ ಯಾವುದು ಎಂದು ತಿಳಿಯುವುದೇ ಇಲ್ಲ.

ಇದರ ಹಿಂದಿನ ನಿಜವಾದ ಕಾಗದ 143(1) ಇಂಟಿಮೇಷನ್. ಅದು ನೋಂದಾಯಿತ ಇ-ಮೇಲ್‌ಗೆ ಪಿಡಿಎಫ್ ಆಗಿ ಬರುತ್ತದೆ, ಪೋರ್ಟಲ್‌ನ ಅದೇ ಚೀಟಿಯಲ್ಲಿ "Download Intimation Order" ಒತ್ತಿದರೂ ಸಿಗುತ್ತದೆ. ಇ-ಮೇಲ್‌ಗೆ ಬಂದದ್ದನ್ನು ತೆರೆಯಲು ಪಾಸ್‌ವರ್ಡ್ ಕೇಳಿದರೆ ಪ್ಯಾನ್ ನಂಬರನ್ನು ಸಣ್ಣ ಅಕ್ಷರದಲ್ಲಿ ಬರೆದು, ಅದಕ್ಕೆ ಅಂಟಿಸಿ ಜನ್ಮ ದಿನಾಂಕವನ್ನು ಎಂಟು ಅಂಕಿಯಲ್ಲಿ ಹಾಕಬೇಕು. 1978ರ ಜೂನ್ 5ರಂದು ಹುಟ್ಟಿದವರಾದರೆ ಹೀಗೆ:

```
abcde1234f05061978
```

ಒಳಗೆ ಎರಡು ಕಾಲಂ ಇರುತ್ತವೆ. ಎಡಗಡೆ ನೀವು ರಿಟರ್ನ್‌ನಲ್ಲಿ ಬರೆದದ್ದು, ಬಲಗಡೆ ಇಲಾಖೆ ಲೆಕ್ಕ ಹಾಕಿದ್ದು. ಇಂಗ್ಲಿಷ್ ಬಾರದಿದ್ದರೂ ತೊಂದರೆಯಿಲ್ಲ, ಎಡದ ಅಂಕಿಗೂ ಬಲದ ಅಂಕಿಗೂ ಯಾವ ಸಾಲಿನಲ್ಲಿ ವ್ಯತ್ಯಾಸ ಇದೆ ಎಂದು ಬೆರಳಿಟ್ಟು ನೋಡಿ. ರೀಫಂಡ್ ಕಡಿಮೆಯಾಗಿದ್ದರೂ ಡಿಮ್ಯಾಂಡ್ ಬಂದಿದ್ದರೂ ಕಾರಣ ಆ ಸಾಲಿನಲ್ಲೇ ಇರುತ್ತದೆ. ಹೆಚ್ಚಿನ ಸಲ ಅದು ಟಿಡಿಎಸ್ ಸಾಲು. ನಿಮ್ಮ ಬಿಲ್‌ನಲ್ಲಿ ಮುರಿದುಕೊಂಡವರು ಅದನ್ನು ನಿಮ್ಮ ಪ್ಯಾನ್‌ಗೆ ಜಮಾ ತೋರಿಸಿರುವುದಿಲ್ಲ, ಬಲಗಡೆ ಸೊನ್ನೆ ಇರುತ್ತದೆ. ಅಂಥಾ ಸಂದರ್ಭದಲ್ಲಿ ಮುರಿದುಕೊಂಡವರಿಂದ ಟಿಡಿಎಸ್ ಸ್ಟೇಟ್‌ಮೆಂಟ್ ಸರಿಮಾಡಿಸಿ, ಆಮೇಲೆ ಪೋರ್ಟಲ್‌ನಲ್ಲಿ "Rectification" ಅರ್ಜಿ ಹಾಕಬೇಕು. ಡಿಮ್ಯಾಂಡ್ ನಿಜವೇ ಆಗಿದ್ದರೆ 30 ದಿನದಲ್ಲಿ ಕಟ್ಟುವುದು ಒಳ್ಳೆಯದು, ಆಮೇಲೆ ತಿಂಗಳಿಗೆ ಶೇ 1ರ ಬಡ್ಡಿ ಓಡುತ್ತದೆ.

"Defective" ಕಂಡರೆ ಗಡಿಯಾರ ಶುರು

ಈಗ ಮುಖ್ಯ ವಿಷಯಕ್ಕೆ ಬರೋಣ. ಸೆಕ್ಷನ್ 139(9)ರ ನೋಟಿಸ್ ಎಂದರೆ ನಿಮ್ಮ ಮೇಲೆ ಕೇಸ್ ಹಾಕಿದ್ದಾರೆ ಎಂದಲ್ಲ, ರೇಡ್ ಆಗುತ್ತದೆ ಎಂದೂ ಅಲ್ಲ. "ನೀವು ಕೊಟ್ಟ ಫಾರಂ ಅಪೂರ್ಣ ಅಥವಾ ಒಂದಕ್ಕೊಂದು ಹೊಂದುತ್ತಿಲ್ಲ, ಸರಿಮಾಡಿ ಕೊಡಿ" ಎಂದಷ್ಟೇ ಅರ್ಥ. ಆದರೆ ಅದಕ್ಕೆ ಗಡುವು ನೋಟಿಸ್ ತಲುಪಿದ ದಿನದಿಂದ 15 ದಿನ. ಅಷ್ಟರಲ್ಲಿ ಉತ್ತರಿಸದಿದ್ದರೆ ರಿಟರ್ನ್ ಅಸಿಂಧು ಆಗಬಹುದು, ಅಂದರೆ ಆ ವರ್ಷ ನೀವು ರಿಟರ್ನ್ ಹಾಕಿಯೇ ಇಲ್ಲ ಎಂಬ ಲೆಕ್ಕ. ಬ್ಯಾಂಕಿನವರ ಕಣ್ಣಿಗೂ ಹಾಗೇ ಕಾಣುತ್ತದೆ.

ಅಂಕಿಗಳೊಂದಿಗೆ ಒಂದು ಉದಾಹರಣೆ ನೋಡೋಣ. ಬಸ್ ಸ್ಟ್ಯಾಂಡ್ ಹತ್ತಿರ ಸಣ್ಣ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡು, ಜೊತೆಗೆ ವೈರಿಂಗ್ ಕಾಂಟ್ರಾಕ್ಟ್ ಮಾಡುವ ಒಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. 2024-25ರಲ್ಲಿ ಒಂದು ಕಟ್ಟಡ ಕಂಪನಿಗೆ ವೈರಿಂಗ್ ಮಾಡಿಕೊಟ್ಟು 9,60,000 ರೂಪಾಯಿ ಬಿಲ್ ಮಾಡಿದರು. ಕಂಪನಿ 194ಸಿ ಪ್ರಕಾರ ಶೇ 1ರಂತೆ 9,600 ರೂಪಾಯಿ ಟಿಡಿಎಸ್ ಮುರಿದು ಉಳಿದದ್ದನ್ನು ಬ್ಯಾಂಕಿಗೆ ಹಾಕಿತು.

ರಿಟರ್ನ್ ಹಾಕುವಾಗ ಇವರು ಆಡಿಟರ್‌ಗೆ ಹೇಳಿದ್ದು "ಹೋದ ವರ್ಷದ ಥರಾನೇ ಹಾಕ್ಬಿಡಿ" ಎಂದು. ಹೋದ ವರ್ಷ ಅಂಗಡಿ ವ್ಯಾಪಾರ 6,00,000 ತೋರಿಸಿದ್ದರು, ಈ ವರ್ಷವೂ ಅದೇ 6,00,000. ಫಾರಂ ಐಟಿಆರ್-4, ಅಂದರೆ ಲೆಕ್ಕದ ಪುಸ್ತಕ ಇಡದೆ 44ಎಡಿ ಅಡಿಯಲ್ಲಿ ವಹಿವಾಟಿನ ಶೇಕಡಾವಾರು ಲಾಭ ತೋರಿಸುವ ಫಾರಂ. ಆದರೆ ಪ್ಯಾನ್ ಮೇಲೆ ಟಿಡಿಎಸ್ 9,600 ಕಂಡಿತಲ್ಲ, ಅದನ್ನು ಮಾತ್ರ ಪೂರ್ತಿ ರೀಫಂಡ್ ಕೇಳಿದರು. 2025ರ ಆಗಸ್ಟ್ 22ರಂದು ರಿಟರ್ನ್ ಹಾಕಿ, ಅದೇ ದಿನ ವೆರಿಫೈ ಆಯಿತು. ಸ್ಕ್ರೀನ್‌ಶಾಟ್ ಬಂತು, ಎರಡು ಹಸಿರು ಟಿಕ್.

ಸಿಪಿಸಿ ಕಂಪ್ಯೂಟರ್ ಕಣ್ಣಿಗೆ ಇದು ಹೀಗೆ ಕಂಡಿತು: ಟಿಡಿಎಸ್ ಕೇಳಿದ ಬಿಲ್‌ಗಳ ಮೊತ್ತವೇ 9,60,000 ಇದೆ, ಫಾರಂನಲ್ಲಿ ತೋರಿಸಿದ ಒಟ್ಟು ವಹಿವಾಟು 6,00,000 ಮಾತ್ರ. ದುಡ್ಡು ಮುರಿದದ್ದು ವಾಪಸ್ ಬೇಕು, ಆದರೆ ಯಾವ ದುಡ್ಡಿನಲ್ಲಿ ಮುರಿದರೋ ಆ ದುಡ್ಡೇ ಲೆಕ್ಕದಲ್ಲಿಲ್ಲ. ಇದು ಇಲಾಖೆಯೇ ಹೆಸರಿಸಿರುವ ದೋಷ. ನವೆಂಬರ್ 10ರಂದು 139(9) ನೋಟಿಸ್ ಹೊರಟಿತು, ಚೀಟಿಯಲ್ಲಿ "Defective" ಎಂದು ಬಂತು.

ನೋಟಿಸ್ ಸಿಗುವುದು ಪೋರ್ಟಲ್‌ನ "Pending Actions" ಒಳಗೆ "e-Proceedings" ಎಂಬಲ್ಲಿ. ಪಿಡಿಎಫ್ ತೆರೆದರೆ ದೋಷ ಏನು, ಸರಿಮಾಡುವುದು ಹೇಗೆ ಎಂದು ಪಟ್ಟಿಯಲ್ಲಿ ಬರೆದಿರುತ್ತದೆ. "Submit Response" ಒತ್ತಿದರೆ ಎರಡು ಆಯ್ಕೆ: "Agree" ಅಥವಾ "Disagree". ದೋಷ ನಿಜವಾದರೆ ಒಪ್ಪಿಕೊಂಡು ತಿದ್ದಿದ ರಿಟರ್ನ್ ಕೊಡಬೇಕು. ದೋಷ ನಿಮ್ಮದಲ್ಲದಿದ್ದರೆ, ಉದಾಹರಣೆಗೆ ಬೇರೆ ಯಾರದೋ ಬಿಲ್ಲನ್ನು ಕಂಪನಿಯವರು ನಿಮ್ಮ ಪ್ಯಾನ್‌ಗೆ ತಪ್ಪಾಗಿ ಹಾಕಿದ್ದರೆ, ಒಪ್ಪುವುದಿಲ್ಲ ಎಂದು ಕಾರಣ ಬರೆಯಬಹುದು. ಒಂದು ಸಲ ಉತ್ತರ ಸಲ್ಲಿಸಿದ ಮೇಲೆ ಹಿಂದಕ್ಕೆ ಪಡೆಯಲು ಆಗುವುದಿಲ್ಲ, ಹಾಗಾಗಿ ಗಡಿಬಿಡಿಯಲ್ಲಿ ಒತ್ತಬೇಡಿ.

ನಮ್ಮ ಉದಾಹರಣೆಯವರದು ಒಪ್ಪಿಕೊಳ್ಳಬೇಕಾದ ಕೇಸು. ಸರಿಯಾದ ಲೆಕ್ಕ ಹೀಗೆ. ಕಾಂಟ್ರಾಕ್ಟ್ 9,60,000, ಅಂಗಡಿ 6,00,000, ಒಟ್ಟು ವಹಿವಾಟು 15,60,000. ಅಂಗಡಿ ವ್ಯಾಪಾರದಲ್ಲಿ 4,00,000 ನಗದು, 2,00,000 ಯುಪಿಐ. 44ಎಡಿ ಪ್ರಕಾರ ಬ್ಯಾಂಕು ಮತ್ತು ಯುಪಿಐ ಮೂಲಕ ಬಂದದ್ದಕ್ಕೆ ಕನಿಷ್ಠ ಶೇ 6, ನಗದಿಗೆ ಕನಿಷ್ಠ ಶೇ 8 ಲಾಭ ತೋರಿಸಬೇಕು. ಬ್ಯಾಂಕಿನ 11,60,000ಕ್ಕೆ 69,600, ನಗದು 4,00,000ಕ್ಕೆ 32,000. ಸೇರಿ 1,01,600. ಇದು ಕನಿಷ್ಠ, ನಿಜವಾದ ಲಾಭ ಹೆಚ್ಚಿದ್ದರೆ ಅದನ್ನೇ ತೋರಿಸಬೇಕು. ಕೂಲಿ, ಸಾಮಾನು, ಬಾಡಿಗೆ ಕಳೆದು ಇವರಿಗೆ ನಿಜವಾಗಿ ಉಳಿದದ್ದು 4,10,000 ಎಂದುಕೊಳ್ಳಿ.

ತೆರಿಗೆ ಎಷ್ಟು ಬೀಳುತ್ತದೆ? ಆ ವರ್ಷದ ಹೊಸ ಪದ್ಧತಿಯಲ್ಲಿ 3,00,000ದವರೆಗೆ ತೆರಿಗೆ ಇಲ್ಲ, ಮೇಲಿನ 1,10,000ಕ್ಕೆ ಶೇ 5, ಅಂದರೆ 5,500. ಆದರೆ ಒಟ್ಟು ಆದಾಯ 7,00,000 ದಾಟದವರಿಗೆ 87ಎ ರಿಯಾಯಿತಿಯಲ್ಲಿ ಆ 5,500 ಪೂರ್ತಿ ಮನ್ನಾ. ತೆರಿಗೆ ಸೊನ್ನೆ. 9,600 ಪೂರ್ತಿ ವಾಪಸ್ ಬರಬೇಕು.

ಗಮನಿಸಿ, ನಿಜವಾದ ವಹಿವಾಟು ತೋರಿಸಿದ್ದರೆ ಇವರಿಗೆ ಒಂದು ರೂಪಾಯಿ ತೆರಿಗೆಯೂ ಹೆಚ್ಚಾಗುತ್ತಿರಲಿಲ್ಲ. "ಜಾಸ್ತಿ ತೋರಿಸಿದ್ರೆ ಟ್ಯಾಕ್ಸ್ ಬೀಳುತ್ತೆ" ಎಂಬ ಹೆದರಿಕೆಯಿಂದ ಕಡಿಮೆ ತೋರಿಸಿ, ಬರಬೇಕಾದ ದುಡ್ಡಿಗೇ ಕಲ್ಲು ಹಾಕಿಕೊಂಡಂತಾಯಿತು.

ಈ ನೋಟಿಸ್ ಇ-ಮೇಲ್‌ಗೆ ಬಂದ ದಿನವೇ ತಲುಪಿದೆ ಎಂದು ಹಿಡಿದರೆ ನವೆಂಬರ್ 25ರ ಒಳಗೆ ತಿದ್ದಿದ ರಿಟರ್ನ್ ಹೋಗಬೇಕು. ಕಾಗದ ಹೊಂದಿಸಲು ಸಮಯ ಸಾಲದಿದ್ದರೆ ಗಡುವು ಮುಗಿಯುವ ಮೊದಲೇ ಹೆಚ್ಚಿನ ಕಾಲಾವಕಾಶ ಕೇಳಬಹುದು. ಉತ್ತರ ಸಲ್ಲಿಸಿದ ಮೇಲೆ ತೆರೆಯ ಮೇಲೆ ಒಂದು ಟ್ರಾನ್ಸಾಕ್ಷನ್ ಐಡಿ ಬರುತ್ತದೆ. ನಿಜಕ್ಕೂ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಬೇಕಾದದ್ದು ಅದನ್ನು.

ಉತ್ತರಿಸದೆ ಬಿಟ್ಟಿದ್ದರೆ? ರಿಟರ್ನ್ ಅಸಿಂಧು ಆಗುತ್ತದೆ. ಡಿಸೆಂಬರ್ 31ರ ಒಳಗೆ ಗೊತ್ತಾದರೆ 139(4) ಅಡಿ ತಡವಾದ ರಿಟರ್ನ್ ಹಾಕಲು ದಾರಿಯಿದೆ, ಆದರೆ ಇವರ ಆದಾಯಕ್ಕೆ 1,000 ರೂಪಾಯಿ ತಡದ ಶುಲ್ಕ ಬೀಳುತ್ತದೆ. ಆದಾಯ 5,00,000 ಮೀರಿದವರಿಗೆ ಅದು 5,000. ಜನವರಿ ಬಂದ ಮೇಲೆ ಉಳಿಯುವುದು ಅಪ್‌ಡೇಟೆಡ್ ರಿಟರ್ನ್ ಎಂಬ ದಾರಿ, ಅದರಲ್ಲಿ ರೀಫಂಡ್ ಕೇಳುವಂತೆಯೇ ಇಲ್ಲ. 9,600 ವಾಪಸ್ ಬೇಕಾದರೆ ವಿಳಂಬ ಮನ್ನಿಸಿ ಎಂದು ಮೇಲಧಿಕಾರಿಗೆ ಅರ್ಜಿ ಹಾಕಿ ಅಲೆಯಬೇಕು. ಇಷ್ಟು ಮೊತ್ತಕ್ಕೆ ಆ ಅಲೆದಾಟ ಯಾರೂ ಮಾಡುವುದಿಲ್ಲ, ದುಡ್ಡು ಹೋದಂತೆಯೇ.

ನೋಟಿಸ್ ಯಾರ ಫೋನಿಗೆ ಹೋಯಿತು?

ನಮ್ಮ ಕಡೆ 15 ದಿನ ದಾಟುವುದಕ್ಕೆ ದೊಡ್ಡ ಕಾರಣ ನಿರ್ಲಕ್ಷ್ಯವಲ್ಲ. ಪೋರ್ಟಲ್‌ನಲ್ಲಿ ನೋಂದಾಯಿಸಿರುವ ಮೊಬೈಲು, ಇ-ಮೇಲ್ ನಿಮ್ಮದಲ್ಲ. ಮೊದಲ ಸಲ ಖಾತೆ ತೆರೆಯುವಾಗ "ನಿಮ್ದು ಇ-ಮೇಲ್ ಇದ್ಯಾ?" ಎಂದು ಕೇಳಿದ್ದರು, "ಇಲ್ಲ, ನಿಮ್ದೇ ಹಾಕ್ಕೊಳ್ಳಿ" ಎಂದಿದ್ದೆವು. ಈಗ ಒಂದೇ ಇ-ಮೇಲ್‌ಗೆ ಹಲವು ಗಿರಾಕಿಗಳ ಮೆಸೇಜು ಬೀಳುತ್ತದೆ. ಆಡಿಟರ್ ಬದಲಾಯಿಸಿದ್ದರಂತೂ ಹಳೆಯವರ ಇ-ಮೇಲ್‌ಗೆ ಹೋದದ್ದು ಹೊಸಬರಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ. ಕಾನೂನಿನ ಕಣ್ಣಲ್ಲಿ ಮಾತ್ರ ನೋಟಿಸ್ ತಲುಪಿದೆ.

"My Profile" ಒಳಗೆ ಕಾಂಟ್ಯಾಕ್ಟ್ ವಿವರದಲ್ಲಿ ಮೊದಲ ನಂಬರು, ಮೊದಲ ಇ-ಮೇಲ್ ಯಾರದ್ದಿದೆ ಎಂದು ಒಮ್ಮೆ ಆಡಿಟರ್ ಹತ್ತಿರವೇ ತೆಗೆಸಿ ನೋಡಿ. ಮೊದಲನೆಯದು ನಿಮ್ಮದಿರಲಿ, ಎರಡನೆಯ ಜಾಗದಲ್ಲಿ ಅವರದ್ದಿರಲಿ. ಒಳ್ಳೆಯ ಆಡಿಟರ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಅವರಿಗೂ ತಲೆನೋವು ಕಡಿಮೆ.

ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ ಸ್ಟೇಟಸ್ ಮಾತ್ರ ನೀವೇ ನೋಡಬಹುದು. ಪೋರ್ಟಲ್‌ನ ಮೊದಲ ಪುಟದಲ್ಲಿ "Income Tax Return (ITR) Status" ಎಂಬ ಲಿಂಕ್ ಇದೆ. ಆ 15 ಅಂಕಿಯ ನಂಬರು, ಒಂದು ಮೊಬೈಲ್ ನಂಬರು ಹಾಕಿ ಓಟಿಪಿ ಕೊಟ್ಟರೆ ಸಾಕು. ತಿಂಗಳಿಗೊಮ್ಮೆ ನೋಡಿದರೆ, ಯಾರೋ ಹಳೆಯ ಸ್ಕ್ರೀನ್‌ಶಾಟ್ ಕಳಿಸುವುದನ್ನು ಕಾಯಬೇಕಾಗಿಲ್ಲ.

ನೋಟಿಸ್ ನಿಜವಾದದ್ದೇ ಎಂಬ ಅನುಮಾನ ಬಂದರೆ ಅದಕ್ಕೂ ದಾರಿಯಿದೆ. ಇಲಾಖೆಯ ಪ್ರತಿ ನೋಟಿಸ್ ಮೇಲೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರುತ್ತದೆ, ಅದೇ ಮೊದಲ ಪುಟದ "Authenticate Notice/Order Issued by ITD" ಎಂಬಲ್ಲಿ ಹಾಕಿ ಪರೀಕ್ಷಿಸಬಹುದು. "ನಿಮ್ಮ ರೀಫಂಡ್ ಮಂಜೂರಾಗಿದೆ, ಲಿಂಕ್ ಒತ್ತಿ ಖಾತೆ ವಿವರ ಕೊಡಿ" ಎಂಬ ಮೆಸೇಜು ಬಂದರೆ ಒತ್ತಬೇಡಿ. ರೀಫಂಡ್‌ಗಾಗಿ ಇಲಾಖೆ ಕಾರ್ಡ್ ನಂಬರು, ಪಿನ್, ಓಟಿಪಿ ಕೇಳುವುದಿಲ್ಲ.

"Refund issued" ಆಯ್ತು, ದುಡ್ಡೆಲ್ಲಿ?

"ಇಶ್ಯೂಡ್" ಎಂದರೆ ಇಲಾಖೆ ಕಡೆಯಿಂದ ಹೊರಟಿದೆ ಎಂದರ್ಥ, ನಿಮ್ಮ ಖಾತೆಗೆ ಜಮಾ ಆಗಿದೆ ಎಂದಲ್ಲ. ಜಮಾ ಆಗಲು ಸಾಮಾನ್ಯವಾಗಿ 4ರಿಂದ 5 ವಾರ ಎಂದು ಇಲಾಖೆಯೇ ಹೇಳುತ್ತದೆ, ಎಷ್ಟೋ ಜನಕ್ಕೆ ಕೆಲವೇ ದಿನಗಳಲ್ಲಿ ಬರುತ್ತದೆ. ಪಾಸ್‌ಬುಕ್‌ನಲ್ಲಿ ಸಾಮಾನ್ಯವಾಗಿ "ITDTAX REFUND" ಎಂಬ ಮಾತಿನೊಂದಿಗೆ ಎಂಟ್ರಿ ಇರುತ್ತದೆ. ಕೇಳಿದ್ದಕ್ಕಿಂತ ಸ್ವಲ್ಪ ಹೆಚ್ಚು ಬಂದಿದ್ದರೆ ಗಾಬರಿ ಬೇಡ, ತಿಂಗಳಿಗೆ ಶೇ 0.5ರಂತೆ ಬಡ್ಡಿ ಸೇರಿರುತ್ತದೆ. ಆ ಬಡ್ಡಿ ಮುಂದಿನ ರಿಟರ್ನ್‌ನಲ್ಲಿ ಆದಾಯವಾಗಿ ತೋರಿಸಬೇಕು, ಅದನ್ನು ಆಡಿಟರ್‌ಗೆ ನೆನಪಿಸಿ. ಕಡಿಮೆ ಬಂದಿದ್ದರೆ ಹಳೆಯ ವರ್ಷದ ಬಾಕಿಗೆ ಹೊಂದಿಸಿಕೊಂಡಿರಬಹುದು, ಆಗ ಸ್ಟೇಟಸ್‌ನಲ್ಲಿ "adjusted" ಎಂಬ ಪದ ಇರುತ್ತದೆ.

ಹೊರಟ ದುಡ್ಡು ಖಾತೆ ತಲುಪದೆ ವಾಪಸ್ ಹೋದರೆ ಸ್ಟೇಟಸ್ "Refund failed" ಎಂದಾಗುತ್ತದೆ. ನಮ್ಮ ಕಡೆ ಇದಕ್ಕೆ ಕಾಣುವ ಕಾರಣಗಳಲ್ಲಿ ಒಂದು ಬ್ಯಾಂಕ್ ವಿಲೀನದ್ದು. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಗೆ ಸೇರಿತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಹಳೆಯ ಪಾಸ್‌ಬುಕ್ ನೋಡಿ ಹಳೆಯ ಐಎಫ್‌ಎಸ್‌ಸಿ ಕೋಡ್ ಹಾಕಿದ್ದರೆ ದುಡ್ಡು ಹೋಗಲು ವಿಳಾಸವೇ ಇಲ್ಲ. ಇನ್ನೊಂದು ಕಾರಣ ಹೆಸರಿನದು. ಪ್ಯಾನ್‌ನಲ್ಲಿ ಮಾಲೀಕರ ಹೆಸರು, ಕೊಟ್ಟ ಖಾತೆ ಅಂಗಡಿ ಹೆಸರಿನ ಕರೆಂಟ್ ಅಕೌಂಟು. ಹೆಸರು ಹೊಂದದೆ ಖಾತೆ ವ್ಯಾಲಿಡೇಟ್ ಆಗದಿರಬಹುದು. ಮಾಲೀಕರೇ ಪ್ಯಾನ್‌ದಾರರಾಗಿದ್ದರೆ ಅವರ ಸ್ವಂತ ಹೆಸರಿನ ಎಸ್‌ಬಿ ಖಾತೆ ಕೊಡುವುದು ಸಲೀಸು. ಪ್ಯಾನ್-ಆಧಾರ್ ಲಿಂಕ್ ಆಗದೆ ಪ್ಯಾನ್ ನಿಷ್ಕ್ರಿಯವಾಗಿದ್ದರೂ ರೀಫಂಡ್ ಬರುವುದಿಲ್ಲ, ಅದನ್ನು ಮೊದಲು ಸರಿಮಾಡಬೇಕು.

ಸರಿಮಾಡುವ ಕ್ರಮ ಎರಡು ಹಂತದ್ದು. ಮೊದಲು "My Profile" ಒಳಗೆ "My Bank Account"ಗೆ ಹೋಗಿ ಸರಿಯಾದ ಖಾತೆ ಸೇರಿಸಿ, "Validated" ಎಂದು ಬರುವವರೆಗೆ ಕಾದು, ಪಕ್ಕದ "Nominate for Refund" ಗುಂಡಿ ಆನ್ ಮಾಡಬೇಕು. ಆಮೇಲೆ "Services" ಒಳಗೆ "Refund Reissue" ಅರ್ಜಿ ಹಾಕಿ ವೆರಿಫೈ ಮಾಡಬೇಕು. ಮೊದಲ ಹಂತ ಮುಗಿಸಿ ಎರಡನೆಯದನ್ನು ಮರೆತರೆ ದುಡ್ಡು ತಾನಾಗಿ ಬರುತ್ತದೆ ಎಂದು ನಂಬಿ ಕೂರಬೇಡಿ, ಅರ್ಜಿ ಹಾಕಲೇಬೇಕು.

ಎಲ್ಲೂ ಉತ್ತರ ಸಿಗದಿದ್ದರೆ ಸಿಪಿಸಿಯ ಉಚಿತ ಸಹಾಯವಾಣಿ 1800 103 0025. ಫೋನ್ ಮಾಡುವಾಗ ಪ್ಯಾನ್ ಮತ್ತು ಆ 15 ಅಂಕಿಯ ನಂಬರು ಎದುರಿಗೆ ಇಟ್ಟುಕೊಳ್ಳಿ.